ಸರಕು ಪಟ್ಟಿಯಲ್ಲಿ ಎಮೋಜಿ: ಎಷ್ಟು, ಎಲ್ಲಿ, ಏಕೆ?

ಹಿಂದೆ ಅಂಗಡಿಯ ದರಪಟ್ಟಿಯನ್ನು ಬೆರಳಚ್ಚು ಮಾಡಿಸಿ ಗಿರಾಕಿಗಳಿಗೆ ಅಂಚೆಯಲ್ಲಿ ಕಳುಹಿಸಲಾಗುತ್ತಿತ್ತು. ಇಂದು ಅದೇ ಪಟ್ಟಿ ವಾಟ್ಸ್‌ಆ್ಯಪ್ ಬ್ಯುಸಿನೆಸ್‌ನ ಕ್ಯಾಟಲಾಗ್ ಆಗಿ, ಇಲ್ಲವೇ ಮೊಬೈಲ್ ಸಂದೇಶವಾಗಿ ಗಿರಾಕಿಯ ಕೈ ಸೇರುತ್ತದೆ. ಇದರೊಂದಿಗೆ ಎಮೋಜಿ ಎಂಬ ಪುಟ್ಟ ಚಿತ್ರಸಂಕೇತಗಳೂ ವ್ಯಾಪಾರದ ಬರವಣಿಗೆಯೊಳಗೆ ಬಂದಿವೆ. ಇವುಗಳನ್ನು ಹದವರಿತು ಬಳಸಿದರೆ ಗಿರಾಕಿಯ ಕಣ್ಣು ಬೇಕಾದ ಸಾಲಿಗೆ ಬೇಗ ತಲುಪುತ್ತದೆ. ಹದ ತಪ್ಪಿದರೆ ಪಟ್ಟಿ ಬೇಡದ ಜಾಹೀರಾತಿನಂತೆ ಕಾಣುತ್ತದೆ. ಅದಕ್ಕಿಂತ ಹೆಚ್ಚಾಗಿ, ಲೆಕ್ಕಪತ್ರದಲ್ಲಿಯೂ ತೊಡಕು ಹುಟ್ಟುತ್ತದೆ.

ಒಂದು ಉದಾಹರಣೆ

ಹಾವೇರಿ ಜಿಲ್ಲೆಯ ಒಬ್ಬ ಒಣಮೆಣಸಿನಕಾಯಿ ವರ್ತಕರ ಪಟ್ಟಿಯಲ್ಲಿ 24 ಸರಕುಗಳಿವೆ ಎಂದು ಭಾವಿಸೋಣ. ಒಣಮೆಣಸಿನಕಾಯಿಯ 9 ಬಗೆ, ಪುಡಿಯ 8 ಬಗೆ, ಬೆಳ್ಳುಳ್ಳಿ ಹಾಗೂ ಒಣಶುಂಠಿಯ 7 ಬಗೆ. ಮೊದಲ ಸರಕಿನ ಶೀರ್ಷಿಕೆ ಹೀಗಿದೆ:

🔥🔥🌶️🌶️ ಸೂಪರ್ ಬ್ಯಾಡಗಿ!!! 🌶️🌶️ ಬೆಸ್ಟ್ ಕ್ವಾಲಿಟಿ 💯✅👇👇

ಇದರಲ್ಲಿ ಗಿರಾಕಿಗೆ ಬೇಕಾದ ಮಾಹಿತಿ "ಬ್ಯಾಡಗಿ" ಎಂಬ ಒಂದೇ ಪದ. ಡಬ್ಬಿಯೋ ಕಡ್ಡಿಯೋ, ತೊಟ್ಟು ಇದೆಯೋ ಇಲ್ಲವೋ, ಚೀಲದ ತೂಕವೆಷ್ಟು ಎಂಬುದು ತಿಳಿಯುವುದಿಲ್ಲ. ಮೊಬೈಲ್ ಪರದೆಯಲ್ಲಿ ಉದ್ದ ಶೀರ್ಷಿಕೆಯ ಮೊದಲ ಭಾಗ ಮಾತ್ರ ಕಾಣುವುದರಿಂದ, ಆ ಅಮೂಲ್ಯ ಸ್ಥಳವನ್ನು ಬೆಂಕಿಯ ಚಿತ್ರಗಳೇ ತಿಂದುಹಾಕಿವೆ. ಬೆಂಕಿ, ನೂರು, ಬೆರಳು ಮುಂತಾದವು ಸರಕಿನ ಗುಣವನ್ನು ಹೇಳುವ ಬದಲು ಹೊಗಳಿಕೆಯನ್ನು ಹೇಳುತ್ತವೆ. ಬೇಡದ ಸಂದೇಶಗಳಲ್ಲಿ ಇವೇ ಚಿತ್ರಗಳನ್ನು ನಿತ್ಯ ಕಂಡ ಓದುಗ ಇದನ್ನೂ ಆ ಗುಂಪಿಗೇ ಸೇರಿಸುತ್ತಾನೆ. ವಾಟ್ಸ್‌ಆ್ಯಪ್‌ನಲ್ಲಿ ಅಂತಹ ಸಂಖ್ಯೆಯನ್ನು ತಡೆಹಿಡಿಯಲು ಅಥವಾ ದೂರು ನೀಡಲು ಗಿರಾಕಿಗೆ ಅವಕಾಶವಿದೆ. ದೂರುಗಳು ಹೆಚ್ಚಾದರೆ ವ್ಯಾಪಾರದ ಖಾತೆಯೇ ನಿರ್ಬಂಧಕ್ಕೆ ಒಳಗಾಗಬಹುದು.

ಭೇದ ತೋರಿಸಿದರೆ ಮಾತ್ರ ಉಪಯುಕ್ತ

ಮೇಲಿನ ಚಿತ್ರಗಳನ್ನು ತೆಗೆದು ಪ್ರತಿ ಶೀರ್ಷಿಕೆಗೂ ಒಂದೇ 🌶️ ಇಟ್ಟರೆ ಸಾಕೆಂದು ಕೆಲವರು ಭಾವಿಸಬಹುದು. ಆದರೆ 24 ಸಾಲುಗಳ ಪೈಕಿ 17 ಸಾಲುಗಳು ಮೆಣಸಿನಕಾಯಿಗೆ ಸಂಬಂಧಿಸಿದವೇ ಆಗಿರುವಾಗ, ಅದೇ ಚಿತ್ರ 17 ಸಲ ಬಂದರೆ ಯಾವ ಸಾಲೂ ಬೇರೆಯಾಗಿ ಕಾಣುವುದಿಲ್ಲ. ಗುರುತು ಎಂಬುದು ಒಂದನ್ನು ಇನ್ನೊಂದರಿಂದ ಬೇರ್ಪಡಿಸಬೇಕು. ಆದ್ದರಿಂದ ಇಲ್ಲಿ ಎಮೋಜಿಯ ಸ್ಥಾನ ಸರಕಿನ ಶೀರ್ಷಿಕೆಯಲ್ಲ, ಗುಂಪಿನ ಶೀರ್ಷಿಕೆ:

🌶️ ಒಣಮೆಣಸಿನಕಾಯಿ
🥄 ಪುಡಿಗಳು
🧄 ಬೆಳ್ಳುಳ್ಳಿ, ಒಣಶುಂಠಿ

ಗುಂಪಿನೊಳಗಿನ ಶೀರ್ಷಿಕೆ "ಬ್ಯಾಡಗಿ ಡಬ್ಬಿ, ತೊಟ್ಟು ಸಹಿತ, 25 ಕೆಜಿ" ಎಂದು ಬರೀ ಅಕ್ಷರಗಳಲ್ಲಿರಲಿ. ಇಡೀ ಪಟ್ಟಿಗೆ ಮೂರೇ ಚಿತ್ರಗಳು. ಆದರೂ ಪರದೆಯನ್ನು ಸರಿಸುತ್ತಿರುವ ಗಿರಾಕಿಗೆ ಪುಡಿಗಳು ಎಲ್ಲಿ ಆರಂಭವಾಗುತ್ತವೆ ಎಂಬುದು ಕೂಡಲೇ ತಿಳಿಯುತ್ತದೆ.

ಶುಂಠಿಗೆ ಪ್ರತ್ಯೇಕ ಚಿತ್ರವೂ ಇದೆ. ಆದರೆ ಅದು ಯೂನಿಕೋಡ್‌ಗೆ ಸೇರಿದ್ದು 2022ರಲ್ಲಿ. ಅದಕ್ಕಿಂತ ಹಳೆಯದಾದ, ನವೀಕರಣಗೊಳ್ಳದ ಫೋನುಗಳಲ್ಲಿ ಅದರ ಬದಲು ಖಾಲಿ ಚೌಕ ಕಾಣುತ್ತದೆ. ಬಹುಕಾಲದಿಂದ ಬಳಕೆಯಲ್ಲಿರುವ ಸಂಕೇತಗಳನ್ನು ಆರಿಸುವುದೇ ಕ್ಷೇಮ.

ವಿವರಣೆಯಲ್ಲಿ ಎಮೋಜಿಗೆ ಬೇರೊಂದು ಕೆಲಸವಿದೆ. ಅಲ್ಲಿ ಅದು ಸಾಲಿನ ತಲೆಯಲ್ಲಿದ್ದು ಆ ಸಾಲು ಯಾವುದರ ಬಗ್ಗೆ ಎಂಬುದನ್ನು ಸೂಚಿಸಬಹುದು:

📦 ಪ್ಯಾಕಿಂಗ್: 25 ಕೆಜಿ ಗೋಣಿಚೀಲ
🚚 ರವಾನೆ: ಹಣ ಸಂದಾಯವಾದ 2 ದಿನಗಳೊಳಗೆ
📞 ವಿಚಾರಣೆ: ಬೆಳಿಗ್ಗೆ 10ರಿಂದ ಸಂಜೆ 6

ಎಲ್ಲ 24 ವಿವರಣೆಗಳಲ್ಲಿಯೂ ಇದೇ ಮೂರು, ಇದೇ ಕ್ರಮದಲ್ಲಿರಬೇಕು. ಚಿತ್ರದ ಪಕ್ಕದಲ್ಲಿ ಪದವೂ ಇರಲೇಬೇಕು. ದೃಷ್ಟಿದೋಷವುಳ್ಳ ಗಿರಾಕಿಯ ಫೋನು ಪರದೆಯನ್ನು ಓದಿ ಹೇಳುವಾಗ ಪ್ರತಿ ಎಮೋಜಿಯ ಹೆಸರನ್ನೂ ಉಚ್ಚರಿಸುತ್ತದೆ. ಸಾಲಿನ ತಲೆಯ ಒಂದು ಚಿತ್ರವನ್ನು ಆತ ಸಹಿಸಿಯಾನು. ಆರು ಸಲ "ಬೆಂಕಿ" ಎಂದು ಕೇಳಿದ ಮೇಲೆ ದರ ಕೇಳಲು ಆತನಿಗೆ ತಾಳ್ಮೆ ಉಳಿಯುವುದಿಲ್ಲ.

ಪದದ ಬದಲು ಚಿತ್ರ: ನಷ್ಟದ ದಾರಿ

ಇದೇ ಪಟ್ಟಿಯ ಎರಡು ಪುಡಿಗಳ ಹೆಸರು ನೋಡಿ. ಖಾರ ಕಡಿಮೆಯಿರುವ ಬ್ಯಾಡಗಿ ಪುಡಿಗೆ "ಮೆಣಸಿನ ಪುಡಿ 🌶️" ಎಂದೂ, ಖಾರ ಹೆಚ್ಚಿರುವ ಗುಂಟೂರು ಪುಡಿಗೆ "ಮೆಣಸಿನ ಪುಡಿ 🌶️🌶️🌶️" ಎಂದೂ ಬರೆಯಲಾಗಿದೆ. ಪರದೆಯ ಮೇಲೆ ವ್ಯತ್ಯಾಸ ಸ್ಪಷ್ಟ. ಆದರೆ ಸರಕಿನ ಹೆಸರು ಪರದೆಯಲ್ಲಿಯೇ ಉಳಿಯುವುದಿಲ್ಲ. ಅದು ಬಿಲ್ಲಿಗೆ, ದಾಸ್ತಾನು ಪುಸ್ತಕಕ್ಕೆ, ಉಗ್ರಾಣದ ಚೀಟಿಗೆ ಪ್ರಯಾಣ ಮಾಡುತ್ತದೆ. ಹಳೆಯ ಬಿಲ್ಲಿಂಗ್ ತಂತ್ರಾಂಶಗಳು ಹಾಗೂ ಡಾಟ್ ಮ್ಯಾಟ್ರಿಕ್ಸ್ ಮುದ್ರಕಗಳು ಎಮೋಜಿಯನ್ನು ಪ್ರಶ್ನಾರ್ಥಕ ಚಿಹ್ನೆಯಾಗಿಯೋ ಚೌಕವಾಗಿಯೋ ಮುದ್ರಿಸುತ್ತವೆ, ಕೆಲವೊಮ್ಮೆ ಬಿಟ್ಟೇಬಿಡುತ್ತವೆ. ಆಗ ಎರಡೂ ಸರಕುಗಳು ಬರೀ "ಮೆಣಸಿನ ಪುಡಿ" ಆಗುತ್ತವೆ. ಉಗ್ರಾಣದಿಂದ ಒಂದರ ಬದಲು ಇನ್ನೊಂದು ರವಾನೆಯಾದರೆ ಸರಕು ವಾಪಸು, ಸಾಗಾಣಿಕೆ ವೆಚ್ಚ ಎರಡು ಪಟ್ಟು, ಕ್ರೆಡಿಟ್ ನೋಟು, ದಾಸ್ತಾನಿನಲ್ಲಿ ವ್ಯತ್ಯಾಸ, ಇವೆಲ್ಲವೂ ಬೆನ್ನು ಹತ್ತುತ್ತವೆ.

2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ನಿಯಮಗಳ 46ನೇ ನಿಯಮದಂತೆ ತೆರಿಗೆ ಬಿಲ್ಲಿನಲ್ಲಿ ಸರಕಿನ ವಿವರಣೆ ಇರತಕ್ಕದ್ದು. ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಯಾವ ಸರಕನ್ನೂ ವಿವರಿಸುವುದಿಲ್ಲ. ಆದ್ದರಿಂದ "ಮೆಣಸಿನ ಪುಡಿ, ಬ್ಯಾಡಗಿ, ಕಡಿಮೆ ಖಾರ, 1 ಕೆಜಿ", "ಮೆಣಸಿನ ಪುಡಿ, ಗುಂಟೂರು, ಹೆಚ್ಚು ಖಾರ, 1 ಕೆಜಿ" ಎಂದು ಅಕ್ಷರಗಳಲ್ಲಿಯೇ ಭೇದ ಮಾಡುವುದು ಸರಿಯಾದ ಕ್ರಮ. ಗಿರಾಕಿ "ಗುಂಟೂರು" ಎಂದು ಹುಡುಕಿದಾಗ ಸಿಗುವುದೂ ಇಂತಹ ಶೀರ್ಷಿಕೆಯೇ.

ಆಹಾರ ಪದಾರ್ಥದ ವರ್ತಕರು ಇನ್ನೊಂದು ಅಂಶವನ್ನು ಗಮನಿಸಬೇಕು. ದಾಸ್ತಾನು ಇದೆ ಎಂದು ತೋರಿಸಲು 🟢 ಬಳಸುವ ರೂಢಿಯುಂಟು. ಆದರೆ ನಮ್ಮ ದೇಶದಲ್ಲಿ ಚೌಕದೊಳಗಿನ ಹಸಿರು ವೃತ್ತ ಸಸ್ಯಾಹಾರದ ಅಧಿಕೃತ ಗುರುತು. ಒಂದು ಪುಡಿಗೆ 🟢, ಮತ್ತೊಂದಕ್ಕೆ 🔴 ಇಟ್ಟರೆ ಎರಡನೆಯದು ಮಾಂಸಾಹಾರವೇ ಎಂಬ ಸಂಶಯ ಬರಬಹುದು. "ದಾಸ್ತಾನು ಇದೆ", "ದಾಸ್ತಾನು ಇಲ್ಲ" ಎಂಬ ಪದಗಳೇ ಸಾಕು.

ಮೊಬೈಲ್ ಸಂದೇಶದ ವೆಚ್ಚ

ಶೀರ್ಷಿಕೆಯನ್ನು ಹಾಗೆಯೇ ಎಸ್‌ಎಂಎಸ್‌ಗೆ ಇಳಿಸುವವರು ವೆಚ್ಚವನ್ನೂ ಲೆಕ್ಕಿಸಬೇಕು. ಸಾಮಾನ್ಯ ಇಂಗ್ಲಿಷ್ ಅಕ್ಷರಗಳ ಒಂದು ಎಸ್‌ಎಂಎಸ್‌ನಲ್ಲಿ 160 ಅಕ್ಷರಗಳಿಗೆ ಸ್ಥಳವಿದೆ. ಅದರಲ್ಲಿ ಒಂದೇ ಒಂದು ಎಮೋಜಿ ಸೇರಿದರೂ ಇಡೀ ಸಂದೇಶ ಯೂನಿಕೋಡ್‌ಗೆ ಬದಲಾಗಿ ಮಿತಿ 70ಕ್ಕೆ ಇಳಿಯುತ್ತದೆ. ಅದನ್ನು ಮೀರಿದರೆ 67ರ ತುಂಡುಗಳಾಗಿ ಒಡೆಯುತ್ತದೆ. 140 ಅಕ್ಷರಗಳ ಸಂದೇಶದ ಕೊನೆಗೆ ಒಂದು 🎉 ಸೇರಿಸಿದರೆ ಅದು ಮೂರು ಭಾಗವಾಗುತ್ತದೆ. 1,000 ಗಿರಾಕಿಗಳಿಗೆ 1,000 ಸಂದೇಶಗಳ ಬದಲು 3,000 ಸಂದೇಶಗಳ ಶುಲ್ಕ ತೆರಬೇಕಾಗುತ್ತದೆ. ₹ ಚಿಹ್ನೆಯಿಂದಲೂ ಇದೇ ಪರಿಣಾಮ. ಇಂಗ್ಲಿಷ್ ಸಂದೇಶದಲ್ಲಿ Rs. ಎಂದು ಬರೆಯುವುದು ಮಿತವ್ಯಯ. ಕನ್ನಡದ ಸಂದೇಶಕ್ಕೆ ಮೊದಲಿನಿಂದಲೂ 70ರ ಮಿತಿಯೇ ಇರುವುದರಿಂದ ಅಲ್ಲಿ ಎಮೋಜಿ ಕೇವಲ ತನ್ನ ಸ್ಥಳವನ್ನಷ್ಟೇ ಆಕ್ರಮಿಸುತ್ತದೆ.

ಪಟ್ಟಿ ಕಳುಹಿಸುವ ಮುನ್ನ

ಮೊದಲು, ಎಲ್ಲ ಎಮೋಜಿಗಳನ್ನು ಅಳಿಸಿ ಪಟ್ಟಿಯನ್ನು ಓದಬೇಕು. ಅರ್ಥ ಕೆಟ್ಟರೆ, ಎಲ್ಲಿಯೋ ಪದದ ಕೆಲಸವನ್ನು ಚಿತ್ರಕ್ಕೆ ವಹಿಸಲಾಗಿದೆ ಎಂದರ್ಥ. ಆ ಪದವನ್ನು ಸೇರಿಸಬೇಕು. ಅನಂತರ ಅವುಗಳನ್ನು ಮರಳಿ ಇಟ್ಟು, ಯಾವುದೇ ಚಿತ್ರ ತನ್ನ ಸಾಲನ್ನು ಪಕ್ಕದ ಸಾಲಿನಿಂದ ಬೇರ್ಪಡಿಸದಿದ್ದರೆ ಅದನ್ನು ತೆಗೆಯಬೇಕು. ಕೊನೆಯದಾಗಿ, ಪಟ್ಟಿಯನ್ನು ಅಂಗಡಿಯಲ್ಲಿರುವ ಅತಿ ಹಳೆಯ ಫೋನಿಗೆ ಕಳುಹಿಸಿ ನೋಡಬೇಕು ಹಾಗೂ ಒಂದು ಮಾದರಿ ಬಿಲ್ಲನ್ನು ಮುದ್ರಿಸಿ ನೋಡಬೇಕು. ಅಮೆಜಾನ್‌ನಂತಹ ಮಾರಾಟ ತಾಣಗಳಲ್ಲಿ ಶೀರ್ಷಿಕೆಯೊಳಗೆ ಅಲಂಕಾರದ ಚಿಹ್ನೆಗಳಿಗೆ ಅವಕಾಶವೇ ಇಲ್ಲವಾದ್ದರಿಂದ, ಅಕ್ಷರಗಳಲ್ಲಿ ಪೂರ್ಣವಾಗಿರುವ ಶೀರ್ಷಿಕೆಯಿಂದ ಅಲ್ಲಿಗಾಗಿ ಚಿಹ್ನೆಗಳನ್ನು ತೆಗೆಯುವ ಕೆಲಸ ಉಳಿಯುವುದಿಲ್ಲ.