ಮನೆಯ ಗ್ರೂಪನ್ನು ಸಿಗ್ನಲ್‌ಗೆ ಒಯ್ದಾಗ

2021ರ ಜನವರಿಯಲ್ಲಿ ವಾಟ್ಸಾಪ್ ತನ್ನ ಹೊಸ ಗೋಪ್ಯತಾ ನೀತಿಗೆ ಒಪ್ಪಿಗೆ ಕೇಳಿತು. ಗಾಬರಿಯಾದ ಜನ ಸಿಗ್ನಲ್ ಕಡೆ ಎಷ್ಟು ನುಗ್ಗಿದರೆಂದರೆ, ಜನವರಿ 15ರಂದು ಅದರ ಸೇವೆಯೇ ನಿಂತುಹೋಯಿತು. ಆಗ ನಮ್ಮ ಮನೆಯವರೂ ಅಲ್ಲೊಂದು ಗ್ರೂಪ್ ಮಾಡಿದೆವು. ಹಳೆಯ ಗ್ರೂಪಿನಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಸೇರಿ 14 ನಂಬರ್‌ಗಳಿದ್ದವು. ಹೊಸದಕ್ಕೆ ಬಂದದ್ದು 9.

ದಾದಿಯ ಬಳಿ ಕೀಪ್ಯಾಡ್ ಜಿಯೋಫೋನ್ ಇತ್ತು. ಅದರಲ್ಲಿ ವಾಟ್ಸಾಪ್ ನಡೆಯುತ್ತಿತ್ತು, ಸಿಗ್ನಲ್ ಇರಲಿಲ್ಲ. ಅಫಜಲಪುರದ ಫುಪ್ಪು ಅವರ ಫೋನಿನಲ್ಲಿ ಜಾಗವಿರಲಿಲ್ಲ. ಹಳೆಯ ಸಂದೇಶ, ಫೋಟೊಗಳೂ ಹೊಸ ಗ್ರೂಪಿಗೆ ಬರಲಿಲ್ಲ, ಏಕೆಂದರೆ ವಾಟ್ಸಾಪ್‌ನ ಚಾಟ್‌ಗಳನ್ನು ಸಿಗ್ನಲ್ ತೆಗೆದುಕೊಳ್ಳುವುದಿಲ್ಲ. ಆ ವರ್ಷವೇ ಸಂಬಂಧಿಕರೊಬ್ಬರು ತೀರಿಕೊಂಡರು. ಅಸರ್ ನಮಾಜಿನ ನಂತರ ಜನಾಜಾ ಎಂದು ಚಾಚಾ ಹೊಸ ಗ್ರೂಪಿನಲ್ಲಷ್ಟೇ ಹಾಕಿದರು. ಫುಪ್ಪು ಅವರಿಗೆ ಸುದ್ದಿ ಮುಟ್ಟುವಷ್ಟರಲ್ಲಿ ದಫನ್ ಮುಗಿದಿತ್ತು. ಅವರು ಇಂದಿಗೂ ಆ ಮಾತು ತೆಗೆಯುತ್ತಾರೆ.

ಇಷ್ಟು ಕೊಟ್ಟು ನಾವು ಪಡೆದದ್ದೇನು? ಸಂದೇಶದ ಬೀಗ ಎರಡರಲ್ಲೂ ಒಂದೇ. 2016ರಿಂದ ವಾಟ್ಸಾಪ್ ಬಳಸುತ್ತಿರುವುದು ಸಿಗ್ನಲ್‌ನವರೇ ರೂಪಿಸಿದ ಗೂಢಲಿಪಿ ವಿಧಾನ. ಕಳಿಸಿದವರ ಮತ್ತು ಪಡೆದವರ ಫೋನ್ ಬಿಟ್ಟು ನಡುವೆ ಯಾರೂ ಓದಲಾರರು. ವ್ಯತ್ಯಾಸವಿರುವುದು ಲಕೋಟೆಯ ಮೇಲಿನ ವಿಳಾಸದಲ್ಲಿ. ಯಾರು ಯಾವ ಗ್ರೂಪಿನಲ್ಲಿದ್ದಾರೆ, ಯಾರು ಯಾರಿಗೆ ಯಾವಾಗ ಬರೆದರು ಎಂಬಂಥ ವಿವರ ವಾಟ್ಸಾಪ್‌ಗೆ ಸಿಗಬಲ್ಲದು. 2016ರಲ್ಲಿ ಅಮೆರಿಕದ ಕಾನೂನು ಆದೇಶವೊಂದಕ್ಕೆ ಸಿಗ್ನಲ್ ಕೊಡಲು ಸಾಧ್ಯವಾದದ್ದು ಖಾತೆ ತೆರೆದ ಸಮಯ ಮತ್ತು ಕೊನೆಯ ಸಂಪರ್ಕದ ದಿನ, ಇವೆರಡೇ. (ಟೆಲಿಗ್ರಾಂ ಇನ್ನೂ ಗುಟ್ಟಿನದು ಎಂದು ಕೆಲವು ಗೆಳೆಯರು ನಂಬಿದ್ದಾರೆ. ಅದರ ಗ್ರೂಪ್‌ಗಳಿಗೆ ಈ ಬೀಗವೇ ಇಲ್ಲ. ಇಬ್ಬರ ನಡುವಿನ ಸೀಕ್ರೆಟ್ ಚಾಟ್‌ಗಷ್ಟೇ ಇದೆ.)

ನಾವು ಗಮನಿಸದೆ ಬಿಟ್ಟ ಕಿಂಡಿ ಬ್ಯಾಕಪ್. ಆಂಡ್ರಾಯ್ಡ್ ಫೋನಿನಲ್ಲಿ ವಾಟ್ಸಾಪ್ ಬ್ಯಾಕಪ್ ಗೂಗಲ್ ಖಾತೆಗೆ ಹೋಗುತ್ತದೆ. ಅಲ್ಲಿ ಈ ಬೀಗ ಹಾಕುವ ಸೌಲಭ್ಯ ಬಂದದ್ದು 2021ರ ಅಕ್ಟೋಬರಿನಲ್ಲಿ, ಅದನ್ನೂ ನಾವೇ ಆನ್ ಮಾಡಬೇಕು. `Settings > Chats > Chat backup` ತೆರೆದು ನೋಡಿ. `End-to-end encrypted backup` ಎದುರು `Off` ಎಂದಿದ್ದರೆ ಬೀಗವಿಲ್ಲ. ಗ್ರೂಪಿನ ಮಾತುಕತೆ ಪ್ರತಿಯೊಬ್ಬರ ಫೋನಿನಲ್ಲೂ ಇರುವುದರಿಂದ, 13 ಜನ ಬೀಗ ಹಾಕಿ ಒಬ್ಬರು ಬಿಟ್ಟರೂ ಎಲ್ಲರ ಮಾತು ಆ ಒಬ್ಬರ ಬ್ಯಾಕಪ್‌ನಲ್ಲಿ ತೆರೆದೇ ಇರುತ್ತದೆ. ಗುಪ್ತಪದ ಮರೆತು ಫೋನೂ ಕಳೆದರೆ ಕಂಪನಿಯೂ ಬ್ಯಾಕಪ್ ತೆರೆದುಕೊಡಲಾರದು, ಕಾಗದದಲ್ಲಿ ಬರೆದಿಡಿ.

ಈಗ ಜನಾಜಾ, ನಿಕಾಹ್, ಊರಿಗೆ ಬರುವ ಸುದ್ದಿಯೆಲ್ಲ ಹಳೆಯ ಗ್ರೂಪಿನಲ್ಲೇ. ಆಧಾರ್ ಪ್ರತಿ, ಆಸ್ಪತ್ರೆಯ ರಿಪೋರ್ಟು, ಹೊಲದ ಕಾಗದಗಳಿಗೆ ನಾಲ್ವರ ಸಿಗ್ನಲ್ ಗ್ರೂಪ್ ಸಾಕಾಗಿದೆ. ಅಲ್ಲಿ ಸಂದೇಶ ಒಂದು ವಾರಕ್ಕೆ ತಾನೇ ಅಳಿಸಿಹೋಗುವಂತೆ ಇಟ್ಟಿದ್ದೇವೆ. ಹಳೆಯ ಗ್ರೂಪಿನ ಬ್ಯಾಕಪ್‌ಗೆ ಬೀಗ ಹಾಕಿಕೊಂಡವರು ಈವರೆಗೆ ಆರು ಜನ. ಬರುವ ಈದ್‌ಗೆ ಎಲ್ಲರೂ ಆಳಂದದಲ್ಲಿ ಸೇರಿದಾಗ ಉಳಿದವರ ಫೋನ್ ತೆಗೆದುಕೊಳ್ಳಬೇಕು.