ಗೂಗಲ್ ನಕ್ಷೆಯಲ್ಲಿ ನಿಮ್ಮ ಅಂಗಡಿಯ ಬಾಗಿಲು

ಪಲಮನೇರು ಕಡೆಯಿಂದ ಮುಳಬಾಗಿಲಿಗೆ ಹೊರಟವರ ಬೈಕು ಸಂಜೆ ಆರೂವರೆಗೆ ನಂಗಲಿಯ ಹತ್ತಿರ ಕೆಟ್ಟು ನಿಂತಿತು ಎಂದಿಟ್ಟುಕೊಳ್ಳಿ. ಅವರಿಗೆ ಈ ಊರಿನಲ್ಲಿ ಯಾರ ಪರಿಚಯವೂ ಇಲ್ಲ. ಫೋನ್ ತೆಗೆದು, ಹತ್ತಿರದ ಬೈಕ್ ರಿಪೇರಿ ಎಲ್ಲಿದೆ ಎಂದು ಕನ್ನಡದಲ್ಲೋ ತೆಲುಗಿನಲ್ಲೋ ಹುಡುಕುತ್ತಾರೆ. ಪರದೆಯ ಮೇಲೆ ಎರಡು ಮೂರು ಅಂಗಡಿಗಳ ಹೆಸರು, ಫೋನ್ ನಂಬರು, ದಾರಿ ಮೂಡುತ್ತವೆ. ನಿಮ್ಮ ಗ್ಯಾರೇಜು ಅಲ್ಲಿಂದ ಇನ್ನೂರು ಮೀಟರ್ ದೂರದಲ್ಲೇ ಇದ್ದರೂ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಅವರ ಪಾಲಿಗೆ ನೀವು ಇಲ್ಲ.

ಆ ಪಟ್ಟಿಯಲ್ಲಿ ಕಾಣುವ ಒಂದೊಂದು ಅಂಗಡಿಯ ವಿವರಕ್ಕೂ ಗೂಗಲ್ ಬಿಸಿನೆಸ್ ಪ್ರೊಫೈಲ್ ಎಂದು ಹೆಸರು. 2021ರವರೆಗೆ ಇದನ್ನು ಗೂಗಲ್ ಮೈ ಬಿಸಿನೆಸ್ ಎನ್ನುತ್ತಿದ್ದರು. ಇದಕ್ಕೆ ಹಣ ಕಟ್ಟಬೇಕಿಲ್ಲ. ‘ಗೂಗಲ್‌ನಿಂದ ಮಾತಾಡುತ್ತಿದ್ದೇವೆ, ಇಷ್ಟು ಕಟ್ಟಿದರೆ ನಿಮ್ಮ ಹೆಸರು ಮೇಲೆ ಬರುತ್ತದೆ’ ಎಂದು ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ. ಜಾಹೀರಾತು ಎಂದು ಗುರುತು ಹಾಕಿ ತೋರಿಸುವುದು ಬೇರೆ ವಿಷಯ. ಸಾಮಾನ್ಯ ಪಟ್ಟಿಯಲ್ಲಿ ಮೇಲಿನ ಸ್ಥಾನವನ್ನು ಕೊಳ್ಳಲು ಯಾರಿಗೂ ಆಗುವುದಿಲ್ಲ.

ಯಾವ ಅಂಗಡಿಯನ್ನು ಮೊದಲು ತೋರಿಸಬೇಕೆಂದು ನಿರ್ಧರಿಸುವಾಗ ಗೂಗಲ್ ಮುಖ್ಯವಾಗಿ ಮೂರು ಸಂಗತಿ ನೋಡುತ್ತದೆ. ಹುಡುಕಿದ ಕೆಲಸಕ್ಕೂ ನಿಮ್ಮ ಕೆಲಸಕ್ಕೂ ಎಷ್ಟು ಹೊಂದಿಕೆ ಇದೆ, ನೀವು ಎಷ್ಟು ದೂರದಲ್ಲಿದ್ದೀರಿ, ಜನರಿಗೆ ನೀವು ಎಷ್ಟು ಗೊತ್ತು. ದೂರವನ್ನು ಬದಲಿಸುವುದು ನಿಮ್ಮ ಕೈಯಲ್ಲಿಲ್ಲ. ಉಳಿದ ಎರಡು ಬಹುಮಟ್ಟಿಗೆ ನಿಮ್ಮ ಕೈಯಲ್ಲಿವೆ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ನಂಗಲಿಯ ಒಂದು ಬೈಕ್ ಗ್ಯಾರೇಜಿನ ಪ್ರೊಫೈಲನ್ನು ಒಟ್ಟಿಗೆ ಕೂತು ಮಾಡೋಣ.

ಮೊದಲು ಗೂಗಲ್ ಮ್ಯಾಪ್ಸ್ ತೆರೆದು ನಿಮ್ಮ ಅಂಗಡಿಯ ಹೆಸರನ್ನೇ ಹುಡುಕಿ. ನೀವು ಏನೂ ಮಾಡದಿದ್ದರೂ ಯಾರೋ ಗಿರಾಕಿ ಅದನ್ನು ಆಗಲೇ ಸೇರಿಸಿರಬಹುದು. ಹಾಗಿದ್ದರೆ ಹೊಸದನ್ನು ಮಾಡಬೇಡಿ. ಒಂದೇ ಅಂಗಡಿಗೆ ಎರಡು ಪ್ರೊಫೈಲ್ ಆದರೆ ರಿವ್ಯೂಗಳೂ ಎರಡು ಕಡೆ ಹಂಚಿಹೋಗುತ್ತವೆ. ಅಲ್ಲಿ ಕಾಣುವ ‘Claim this business’ ಎಂಬುದನ್ನು ಒತ್ತಿ. ಇದು ನನ್ನ ಅಂಗಡಿ ಎಂದು ಹಕ್ಕು ಹೇಳುವ ದಾರಿ ಇದು. ಏನೂ ಸಿಗದಿದ್ದರೆ `business.google.com` ಗೆ ಹೋಗಿ ಹೊಸದಾಗಿ ಸೇರಿಸಿ. ಎರಡಕ್ಕೂ ಒಂದು ಗೂಗಲ್ ಖಾತೆ ಬೇಕು, ಅದು ನಿಮ್ಮದೇ ಆಗಿರಲಿ. ಊರಿನ ಹುಡುಗನೊಬ್ಬ ಸಹಾಯಕ್ಕೆ ಬಂದು ತನ್ನ ಜಿಮೇಲ್‌ನಲ್ಲೇ ಮಾಡಿಕೊಟ್ಟು, ಆಮೇಲೆ ಬೆಂಗಳೂರಿಗೆ ಕೆಲಸಕ್ಕೆ ಹೋದನೆಂದರೆ, ನಿಮ್ಮ ಫೋನ್ ನಂಬರು ಬದಲಿಸಲೂ ಅವನನ್ನು ಹುಡುಕಬೇಕಾಗುತ್ತದೆ. ಸಹಾಯ ಮಾಡುವವರನ್ನು ‘Manager’ ಎಂದು ಸೇರಿಸಿಕೊಳ್ಳಬಹುದು. ಒಡೆಯರಾಗಿ ನೀವೇ ಇರಿ.

ಈಗ ಹೆಸರು. ಬೋರ್ಡಿನ ಮೇಲೆ ಏನಿದೆಯೋ ಅಷ್ಟನ್ನೇ ಬರೆಯಿರಿ. ಬೋರ್ಡಿನಲ್ಲಿ ‘ಮಂಜುನಾಥ ಬೈಕ್ ಗ್ಯಾರೇಜ್’ ಎಂದಿದ್ದರೆ, ಇಲ್ಲಿ ‘ಮಂಜುನಾಥ ಬೆಸ್ಟ್ ಬೈಕ್ ರಿಪೇರಿ ಪಂಕ್ಚರ್ ನಂಗಲಿ ಮುಳಬಾಗಿಲು’ ಎಂದು ಉದ್ದ ಮಾಡಬೇಡಿ. ಇದು ಗೂಗಲ್‌ನ ನಿಯಮಕ್ಕೆ ವಿರುದ್ಧ. ಪ್ರೊಫೈಲನ್ನೇ ತಡೆಹಿಡಿಯುವ ಸಾಧ್ಯತೆ ಇದೆ. ನೀವು ಮಾಡುವ ಕೆಲಸವನ್ನು ಹೇಳಲು ವರ್ಗ ಎಂಬ ಬೇರೆ ಜಾಗವೇ ಇದೆ. ಗೂಗಲ್ ಕೊಡುವ ಸಿದ್ಧ ಪಟ್ಟಿಯಿಂದ ಒಂದು ಮುಖ್ಯ ವರ್ಗವನ್ನೂ, ಬೇಕಿದ್ದರೆ ಇನ್ನೂ ಒಂಬತ್ತು ಉಪವರ್ಗಗಳನ್ನೂ ಆರಿಸಬಹುದು. ನಮ್ಮ ಗ್ಯಾರೇಜಿಗೆ ಮುಖ್ಯ ವರ್ಗ ‘Motorcycle repair shop’. ಬರೀ ‘Auto repair shop’ ಎಂದು ಹಾಕಿದರೆ ಕಾರು ಕೆಟ್ಟವರು ಫೋನ್ ಮಾಡುತ್ತಾರೆ, ಬೈಕಿನವರಿಗೆ ನೀವು ಕಾಣುವುದು ಕಡಿಮೆಯಾಗುತ್ತದೆ. ಕ್ಷೌರದಂಗಡಿಗೆ ‘Barber shop’ ಮತ್ತು ಬ್ಯೂಟಿ ಪಾರ್ಲರಿಗೆ ‘Beauty salon’ ಬೇರೆ ಬೇರೆ ಇರುವುದೂ ಇದೇ ಕಾರಣಕ್ಕೆ. ಹೊಂದಿಕೆ ಎಂದು ಮೊದಲು ಹೇಳಿದೆನಲ್ಲ, ಅದನ್ನು ಹೆಚ್ಚಾಗಿ ತೀರ್ಮಾನಿಸುವುದು ಈ ಒಂದು ಆಯ್ಕೆ.

ಮುಂದಿನದು ವಿಳಾಸ. ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಪೇಟೆಯಲ್ಲಿ ಬಾಗಿಲ ನಂಬರು, ಕ್ರಾಸು, ಮೇನು ಎಂದು ಬರೆದರೆ ಗೂಗಲ್ ಜಾಗವನ್ನು ತಾನೇ ಗುರುತಿಸುತ್ತದೆ. ನಮ್ಮ ಊರುಗಳಲ್ಲಿ ‘ಬಸ್ ಸ್ಟ್ಯಾಂಡ್ ಎದುರು, ನಂಗಲಿ’ ಎಂಬುದೇ ವಿಳಾಸ. ಹಾಗೆ ಬರೆದರೆ ನಕ್ಷೆಯ ಕೆಂಪು ಗುರುತು, ಅಂದರೆ ಪಿನ್, ಊರಿನ ನಡುವೆ ಎಲ್ಲೋ ಹೋಗಿ ಕೂರಬಹುದು. ಆಗ ನಕ್ಷೆಯನ್ನು ಉಪಗ್ರಹ ಚಿತ್ರಕ್ಕೆ ಬದಲಿಸಿ, ಬೆರಳಿನಿಂದ ಹಿಗ್ಗಿಸಿ, ನಿಮ್ಮ ಚಾವಣಿ ಕಾಣುವವರೆಗೂ ಹತ್ತಿರ ಹೋಗಿ, ಪಿನ್ನನ್ನು ಎಳೆದು ಅಂಗಡಿಯ ಮೇಲೆ ಇಡಿ.

ಬೆಂಗಳೂರು–ಚೆನ್ನೈ ಹೆದ್ದಾರಿಗೆ ಮುಖ ಮಾಡಿದ ಅಂಗಡಿಯಾದರೆ ಇನ್ನೂ ಒಂದು ಎಚ್ಚರ ಬೇಕು. ಈ ರಸ್ತೆಗೆ ನಡುವೆ ವಿಭಜಕವಿದೆ. ನಿಮ್ಮ ಅಂಗಡಿ ಮುಳಬಾಗಿಲಿಗೆ ಹೋಗುವ ಬದಿಯಲ್ಲಿದ್ದು, ಪಿನ್ ಹತ್ತು ಹದಿನೈದು ಮೀಟರ್ ಜಾರಿ ರಸ್ತೆಯ ಆಚೆ ಬದಿಗೆ ಬಿದ್ದರೆ, ಮ್ಯಾಪ್ಸ್ ಗಿರಾಕಿಯನ್ನು ಆಂಧ್ರದ ಕಡೆಗೆ ಹೋಗುವ ರಸ್ತೆಯಲ್ಲಿ ಕರೆತಂದು ‘ತಲುಪಿದ್ದೀರಿ’ ಎನ್ನುತ್ತದೆ. ಕೆಟ್ಟ ಬೈಕನ್ನು ತಳ್ಳಿಕೊಂಡು ಬಂದವರಿಗೆ ಅಂಗಡಿ ಎದುರಿಗೇ ಕಾಣುತ್ತದೆ, ಆದರೆ ವಿಭಜಕ ದಾಟಲು ಆಗುವುದಿಲ್ಲ. ‘ಅಣ್ಣಾ, ಮ್ಯಾಪು ಇಲ್ಲೇ ಅಂತೈತೆ, ನಿಮ್ಮಂಗಡಿ ಎಲ್ಲೈತೆ?’ ಎಂಬ ಫೋನು ವಾರಕ್ಕೆ ಎರಡು ಬಂದರೂ ಪಿನ್ ತಪ್ಪಾಗಿದೆ ಎಂದೇ ತಿಳಿಯಿರಿ. ಪರೀಕ್ಷಿಸಲು ಸುಲಭದ ದಾರಿ ಇದೆ. ಸ್ನೇಹಿತರೊಬ್ಬರು ಮುಳಬಾಗಿಲಿನಿಂದ ಒಮ್ಮೆ, ಗಡಿಯ ಕಡೆಯಿಂದ ಒಮ್ಮೆ, ಫೋನ್ ಹೇಳಿದಂತೆಯೇ ಬರಲಿ. ಎರಡು ಸಲವೂ ನಿಮ್ಮ ಬಾಗಿಲಿಗೇ ಬಂದು ನಿಂತರೆ ಪಿನ್ ಸರಿಯಾಗಿದೆ.

ಮದುವೆಮನೆಗಳಿಗೆ ಹೋಗಿ ವಧುವಿಗೆ ಅಲಂಕಾರ ಮಾಡುವವರಿಗೆ ಅಂಗಡಿಯೇ ಇರುವುದಿಲ್ಲ. ಅಂಥವರು ಮನೆಯ ವಿಳಾಸವನ್ನು ಮರೆಮಾಡಿ, ತಾವು ಹೋಗುವ ಊರುಗಳನ್ನು ಮಾತ್ರ ನಮೂದಿಸಬಹುದು. ಮುಳಬಾಗಿಲು, ಶ್ರೀನಿವಾಸಪುರ, ಪಲಮನೇರು ಹೀಗೆ ಇಪ್ಪತ್ತು ಪ್ರದೇಶಗಳವರೆಗೆ ಅವಕಾಶವಿದೆ.

ಸಮಯವನ್ನು ಇರುವಂತೆ ಹಾಕಿ. ಮಧ್ಯಾಹ್ನ ಬಾಗಿಲು ಹಾಕುವ ಕ್ಲಿನಿಕ್ ಆದರೆ ಬೆಳಿಗ್ಗೆಯ ಹೊತ್ತು, ಸಂಜೆಯ ಹೊತ್ತು ಎಂದು ಒಂದೇ ದಿನಕ್ಕೆ ಎರಡು ಭಾಗ ಕೊಡಬಹುದು. ಹಬ್ಬಕ್ಕೆ ರಜೆಯಿದ್ದರೆ ‘Special hours’ ಎಂಬಲ್ಲಿ ಆ ದಿನವನ್ನು ಮೊದಲೇ ಹಾಕಿಡಿ.

ಇಷ್ಟೆಲ್ಲ ತುಂಬಿದರೂ ನೀವು ತುಂಬಿದ ವಿವರ ಇನ್ನೂ ಜನರಿಗೆ ಕಾಣುವುದಿಲ್ಲ. ಈ ಅಂಗಡಿ ನಿಜವಾಗಿಯೂ ಇದೆ, ಇದನ್ನು ನಡೆಸುವವರು ನೀವೇ ಎಂದು ಗೂಗಲ್‌ಗೆ ತೋರಿಸಬೇಕು. ಇದಕ್ಕೆ ದೃಢೀಕರಣ ಎನ್ನುತ್ತಾರೆ. ಫೋನಿಗೆ ಬರುವ ಸಂಕೇತ ಸಂಖ್ಯೆ, ಅಂಚೆಯ ಕಾರ್ಡು, ವಿಡಿಯೊ ಎಂದು ಹಲವು ದಾರಿಗಳಿವೆ. ಯಾವುದು ಎಂಬುದನ್ನು ಗೂಗಲ್ ತಾನೇ ತೀರ್ಮಾನಿಸುತ್ತದೆ. ಈಗ ಬಹಳ ಜನರಿಗೆ ಬರುವುದು ವಿಡಿಯೊ. ಹೊಸಬರು ಹೆಚ್ಚು ಎಡವುವುದೂ ಅಲ್ಲೇ.

ಆ ವಿಡಿಯೊ ಕನಿಷ್ಠ ಮೂವತ್ತು ಸೆಕೆಂಡ್ ಇರಬೇಕು, ನಡುವೆ ನಿಲ್ಲಿಸದೆ ಒಂದೇ ಓಟದಲ್ಲಿ ತೆಗೆದಿರಬೇಕು. ಅದರಲ್ಲಿ ಮೂರು ಸಂಗತಿ ಕಾಣಬೇಕು: ಜಾಗ, ಕೆಲಸ, ಒಡೆತನ. ನಮ್ಮ ಗ್ಯಾರೇಜಿನಲ್ಲಿ ಹೀಗೆ ಮಾಡೋಣ. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲು ರಸ್ತೆಯ ಬದಿ ನಿಂತು ಶುರು ಮಾಡಿ. ಪಕ್ಕದ ಅಂಗಡಿಯ ಬೋರ್ಡಿನಲ್ಲಿ ‘ನಂಗಲಿ’ ಎಂದಿರುವುದನ್ನು ತೋರಿಸಿ, ನಿಧಾನವಾಗಿ ತಿರುಗಿ ನಿಮ್ಮ ಬೋರ್ಡನ್ನು ತೋರಿಸಿ, ಅಕ್ಷರ ಓದಲು ಆಗುವಷ್ಟು ಹೊತ್ತು ಕೈ ಅಲುಗಿಸಬೇಡಿ. ಆಮೇಲೆ ಬೀಗದ ಕೈಯಿಂದ ಶಟರ್ ತೆಗೆಯಿರಿ. ಒಡೆತನಕ್ಕೆ ಇದಕ್ಕಿಂತ ಸರಳ ಸಾಕ್ಷಿ ಇಲ್ಲ. ಒಳಗೆ ಹೋಗಿ ಸ್ಪ್ಯಾನರ್‌ಗಳು, ಏರ್ ಕಂಪ್ರೆಸರ್, ಬಿಚ್ಚಿಟ್ಟ ಎಂಜಿನ್ ತೋರಿಸಿ ಮುಗಿಸಿ. ಯಾರ ಮುಖವೂ, ಆಧಾರ್, ಬ್ಯಾಂಕ್ ಕಾಗದಗಳೂ ವಿಡಿಯೊದಲ್ಲಿ ಬೀಳದಿರಲಿ. ಸಾಮಾನ್ಯವಾಗಿ ಐದು ಕೆಲಸದ ದಿನಗಳೊಳಗೆ ಉತ್ತರ ಬರುತ್ತದೆ. ಒಪ್ಪದಿದ್ದರೆ ಮೊದಲು ಬೋರ್ಡಿನ ಹೆಸರಿಗೂ ಪ್ರೊಫೈಲಿನ ಹೆಸರಿಗೂ ತಾಳೆ ನೋಡಿ. ಎರಡರಲ್ಲಿ ವ್ಯತ್ಯಾಸವಿದ್ದರೆ ಎಷ್ಟು ಸಲ ವಿಡಿಯೊ ಕಳಿಸಿದರೂ ತೊಡಕಾಗುತ್ತದೆ.

ಇನ್ನು ರಿವ್ಯೂ, ಅಂದರೆ ಗಿರಾಕಿ ಒಂದರಿಂದ ಐದು ನಕ್ಷತ್ರ ಕೊಟ್ಟು ಬರೆಯುವ ಅಭಿಪ್ರಾಯ. ಜನರಿಗೆ ನೀವು ಎಷ್ಟು ಗೊತ್ತು ಎಂಬುದನ್ನು ಗೂಗಲ್ ಅಳೆಯುವುದರಲ್ಲಿ ಇದಕ್ಕೆ ದೊಡ್ಡ ಪಾಲಿದೆ. ಪ್ರೊಫೈಲಿನಲ್ಲಿರುವ ‘Ask for reviews’ ಒತ್ತಿದರೆ ಒಂದು ಲಿಂಕ್, ಒಂದು ಕ್ಯೂಆರ್ ಚಿತ್ರ ಸಿಗುತ್ತವೆ. ಅನೇಕರು ಆ ಚಿತ್ರವನ್ನು ಮುದ್ರಿಸಿ ಹಣ ಪಡೆಯುವ ಕ್ಯೂಆರ್ ಪಕ್ಕದಲ್ಲೇ ಅಂಟಿಸುತ್ತಾರೆ. ಗಿರಾಕಿ ಹಣ ಕಳಿಸಲೆಂದು ಇದನ್ನು ಸ್ಕ್ಯಾನ್ ಮಾಡಿ ಗಲಿಬಿಲಿಗೊಳ್ಳುತ್ತಾರೆ. ಬೇರೆ ಗೋಡೆಗೆ ಹಾಕಿ, ಮೇಲೆ ‘ಕೆಲಸ ಹೇಗಿತ್ತು? ಇಲ್ಲಿ ಬರೆಯಿರಿ’ ಎಂದು ದಪ್ಪ ಅಕ್ಷರದಲ್ಲಿ ಬರೆಸಿ. ಅದಕ್ಕಿಂತ ನನಗೆ ಹಿಡಿಸುವುದು, ಬಿಲ್ಲಿನ ಜೊತೆ ವಾಟ್ಸಾಪಿನಲ್ಲಿ ಲಿಂಕ್ ಕಳಿಸುವುದು. ಗಿರಾಕಿ ಮನೆಗೆ ಹೋಗಿ, ಬೈಕ್ ಸರಿಯಾಗಿ ಓಡಿತೆಂದು ಕಂಡ ಮೇಲೆ ಬರೆಯುತ್ತಾರೆ. ಕನ್ನಡ, ತೆಲುಗು, ಉರ್ದು ಯಾವ ಭಾಷೆಯಾದರೂ ಸರಿ.

ಇಲ್ಲಿ ಎರಡು ಕೆಲಸ ಮಾಡಬಾರದು. ರಿವ್ಯೂ ಬರೆದರೆ ಐವತ್ತು ರೂಪಾಯಿ ಕಡಿಮೆ ಎಂದು ಆಸೆ ತೋರಿಸಬಾರದು. ಮೆಚ್ಚಿದವರಿಗೆ ಮಾತ್ರ ಲಿಂಕ್ ಕಳಿಸಿ, ಮುನಿಸಿಕೊಂಡವರನ್ನು ಬಿಡಬಾರದು. ಎರಡೂ ನಿಯಮಕ್ಕೆ ವಿರುದ್ಧ. ಸುಳ್ಳು ರಿವ್ಯೂ ಕಂಡುಬಂದರೆ ಗೂಗಲ್ ಕೆಲಕಾಲ ಹೊಸ ರಿವ್ಯೂ ಬರದಂತೆ ತಡೆಯಬಹುದು, ನಿಮ್ಮ ಪ್ರೊಫೈಲಿನ ಮೇಲೆಯೇ ಜನರಿಗೆ ಎಚ್ಚರಿಕೆ ಹಾಕಬಹುದು.

ವೈದ್ಯರಿಗೆ ಒಂದು ಬೇರೆ ಮಾತು. 2002ರ ಭಾರತೀಯ ವೈದ್ಯಕೀಯ ಮಂಡಳಿಯ ವೃತ್ತಿನೀತಿ ನಿಯಮಗಳು ರೋಗಿಗಳನ್ನು ತಮ್ಮತ್ತ ಸೆಳೆಯಲು ಪ್ರಚಾರ ಮಾಡುವುದನ್ನು ಒಪ್ಪುವುದಿಲ್ಲ. ಹಾಗಾಗಿ ಕ್ಲಿನಿಕ್ಕಿನ ಜಾಗ, ಸಮಯ, ಫೋನ್ ಸರಿಯಾಗಿ ಇಡಿ. ರಿವ್ಯೂ ಕೇಳುತ್ತ ಹೋಗದಿರುವುದೇ ಲೇಸೆಂದು ನನ್ನ ಅಭಿಪ್ರಾಯ. ಉತ್ತರ ಕೊಡುವಾಗಲೂ ಬರೆದವರ ಕಾಯಿಲೆಯ ಮಾತು ಬೇಡ, ಅವರು ನಿಮ್ಮ ರೋಗಿ ಎಂಬುದನ್ನೂ ಒಪ್ಪಿ ಬರೆಯಬೇಡಿ. ‘ದಯವಿಟ್ಟು ಕ್ಲಿನಿಕ್ಕಿಗೆ ಫೋನ್ ಮಾಡಿ, ಮಾತಾಡೋಣ’ ಎಂದರೆ ಸಾಕು.

ಒಂದು ದಿನ ನಮ್ಮ ಗ್ಯಾರೇಜಿಗೂ ಒಂದು ನಕ್ಷತ್ರದ ರಿವ್ಯೂ ಬರುತ್ತದೆ: ‘ಬ್ರೇಕ್ ಸರಿ ಮಾಡಿದ ಮಾರನೇ ದಿನವೇ ಮತ್ತೆ ಹಿಡಿಯಲಿಲ್ಲ.’ ಇದನ್ನು ಅಳಿಸಲು ನಿಮಗೆ ಆಗದು. ಬೈಗುಳ, ಸುಳ್ಳು, ಸಂಬಂಧವಿಲ್ಲದ ಮಾತು ಇದ್ದರೆ ಗೂಗಲ್‌ಗೆ ದೂರು ಕೊಡಬಹುದು, ಬರಿಯ ಅಸಮಾಧಾನಕ್ಕೆ ಆ ದಾರಿ ಇಲ್ಲ. ಒಂದು ರಾತ್ರಿ ಬಿಟ್ಟು, ರಿವ್ಯೂವಿನ ಕೆಳಗಿರುವ ‘Reply’ ಒತ್ತಿ ಹೀಗೆ ಬರೆಯಬಹುದು: ‘ತೊಂದರೆಯಾದದ್ದಕ್ಕೆ ಬೇಸರವಾಯಿತು ಸರ್. ಬ್ರೇಕ್ ಹಿಡಿಯದೆ ಓಡಿಸಬೇಡಿ. ಗ್ಯಾರೇಜಿಗೆ ಫೋನ್ ಮಾಡಿ, ಗಾಡಿ ಇರುವಲ್ಲಿಗೇ ಬಂದು ನೋಡುತ್ತೇನೆ. ನಮ್ಮ ಕೆಲಸದಲ್ಲಿ ತಪ್ಪಿದ್ದರೆ ಮತ್ತೆ ಹಣ ತೆಗೆದುಕೊಳ್ಳುವುದಿಲ್ಲ.’ ಮುಂದಿನ ಸಂಜೆ ಆರೂವರೆಗೆ ರಸ್ತೆಯ ಬದಿ ನಿಂತು ಅಂಗಡಿ ಹುಡುಕುವವರು ಆ ರಿವ್ಯೂವಿನ ಜೊತೆಗೆ ಈ ನಾಲ್ಕು ಸಾಲುಗಳನ್ನೂ ಓದುತ್ತಾರೆ.