ನೂರಿಪ್ಪತ್ತು ರೈತರು ಸಾಕೇ?

ಪ್ರಶ್ನೆ: ನಾನು ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯವಳು, ಪಿಎಚ್.ಡಿ. ಮಾಡುತ್ತಿದ್ದೇನೆ. ಮದ್ದೂರು, ಮಳವಳ್ಳಿ ಕಡೆಯ 6 ಊರುಗಳಲ್ಲಿ, ಊರಿಗೆ 20ರಂತೆ, 120 ಕಬ್ಬು ಬೆಳೆಗಾರರನ್ನು ಮಾತಾಡಿಸಿದ್ದೇನೆ. ಹನಿ ನೀರಾವರಿ ಹಾಕಿಸಲು ಅವರಿಗೆ ಎಷ್ಟು ಮನಸ್ಸಿದೆ ಎಂಬುದಕ್ಕೆ ಅಂಕ ಕೊಟ್ಟು, ಹಿಡುವಳಿ, ಓದು, ಸಾಲ, ಕೃಷಿ ಇಲಾಖೆಯ ಸಂಪರ್ಕ, ನೀರಿನ ಅಭಾವ ಎಂಬ 5 ಅಂಶಗಳೊಂದಿಗೆ ರಿಗ್ರೆಷನ್ ಮಾಡಬೇಕು. ಧೋರಣೆ ಅಳೆಯುವ 24 ಹೇಳಿಕೆಗಳಿಗೆ ಫ್ಯಾಕ್ಟರ್ ಅನಾಲಿಸಿಸ್ ಕೂಡ ಆಗಬೇಕು. ಒಂದು ಅಂಶಕ್ಕೆ 10 ಜನ ಸಾಕು ಎನ್ನುತ್ತಾರೆ ಮಾರ್ಗದರ್ಶಕರು. ಕನಿಷ್ಠ 300 ಬೇಕು ಎನ್ನುತ್ತಾರೆ ಇನ್ನೊಬ್ಬ ಪ್ರಾಧ್ಯಾಪಕರು. ಯಾರ ಮಾತು ಕೇಳಲಿ? ಮತ್ತೆ ಊರೂರು ತಿರುಗಬೇಕೇ?

— ಸಂಶೋಧನಾ ವಿದ್ಯಾರ್ಥಿನಿ, ಸೋಮನಹಳ್ಳಿ

ಉತ್ತರ: ಇಬ್ಬರೂ ಪುಸ್ತಕದಲ್ಲಿರುವುದನ್ನೇ ಹೇಳಿದ್ದಾರೆ, ತೊಂದರೆ ಇರುವುದು ಆ ಪುಸ್ತಕದ ಸಂಖ್ಯೆಗಳಲ್ಲಿ. ನಿಮ್ಮ 5 ಅಂಶಗಳನ್ನೇ ಹಿಡಿದು ಲೆಕ್ಕ ಹಾಕೋಣ. ಅಂಶಕ್ಕೆ 10 ಜನ ಎಂದರೆ 50 ಸಾಕು. 1991ರಲ್ಲಿ ಸ್ಯಾಮ್ಯುಯೆಲ್ ಗ್ರೀನ್ ಪರಿಶೀಲಿಸಿದ ಎರಡು ಸೂತ್ರಗಳು ಇಂದಿಗೂ ಪ್ರಬಂಧಗಳಲ್ಲಿ ಕಾಣುತ್ತವೆ. ಇಡೀ ಮಾಡೆಲ್ ನೋಡುವುದಾದರೆ 50 + 8m, ಒಂದೊಂದು ಅಂಶವನ್ನು ಬೇರೆ ಬೇರೆಯಾಗಿ ನೋಡುವುದಾದರೆ 104 + m. m ಎಂದರೆ ಅಂಶಗಳ ಸಂಖ್ಯೆ. ಅದರಂತೆ ನಿಮಗೆ 90 ಅಥವಾ 109 ಜನ ಬೇಕು. ನಿಮ್ಮ ಬಳಿ 120 ಇದೆ, ಮೂರೂ ನಿಯಮ ದಾಟಿದ್ದೀರಿ. ಆದರೂ ನಿಶ್ಚಿಂತೆಯಿಂದ ಇರುವ ಹಾಗಿಲ್ಲ.

ಏಕೆಂದರೆ ಎಷ್ಟು ಜನ ಬೇಕು ಎಂಬುದನ್ನು ಅಂಶಗಳ ಸಂಖ್ಯೆ ಒಂದೇ ತೀರ್ಮಾನಿಸುವುದಿಲ್ಲ. ಅವು ತಮ್ಮತಮ್ಮಲ್ಲೇ ಎಷ್ಟು ಹೆಣೆದುಕೊಂಡಿವೆ ಎಂಬುದೂ ಮುಖ್ಯ. ಮಂಡ್ಯದ ಕಡೆ ಹಿಡುವಳಿ ದೊಡ್ಡದಿದ್ದವರಿಗೆ ಓದು, ಸಾಲ, ಇಲಾಖೆಯ ಸಂಪರ್ಕ ಎಲ್ಲವೂ ಸ್ವಲ್ಪ ಹೆಚ್ಚಿದ್ದರೆ ಆಶ್ಚರ್ಯವಿಲ್ಲ. ಪ್ರತಿ ಅಂಶಕ್ಕೂ ರೈತರ ಮನಸ್ಸಿಗೂ ನಡುವಿನ ಸಹಸಂಬಂಧ 0.3 ಎಂದೂ, ಅಂಶಗಳ ನಡುವಿನದೂ 0.3 ಎಂದೂ ಇಟ್ಟುಕೊಳ್ಳಿ. ಆಗ ಐದೂ ಸೇರಿ R² ಸುಮಾರು 0.20 ಆಗುತ್ತದೆ. ಆದರೆ ಉಳಿದ ನಾಲ್ಕು ಮೊದಲೇ ಇದ್ದಾಗ, ಐದನೆಯದು ಹೊಸದಾಗಿ ಸೇರಿಸುವ ಪಾಲು ಬರೀ 0.015. ಅಷ್ಟು ಸಣ್ಣ ಪಾಲನ್ನು 80% ಪವರ್‌ನೊಂದಿಗೆ, ಅಂದರೆ ಸಂಬಂಧ ನಿಜವಾಗಿದ್ದಾಗ ನೂರರಲ್ಲಿ 80 ಸಮೀಕ್ಷೆಗಳಲ್ಲಾದರೂ ಸಿಕ್ಕುವಂತೆ, ಹಿಡಿಯಲು ಬೇಕಾಗುವ ಸಂಖ್ಯೆಯ ಅಂದಾಜು ಹೀಗಿದೆ:

```
N ≈ 7.85 × (1 − R²) / ಹೊಸ ಪಾಲು + m + 1
```

ಉತ್ತರ ಸುಮಾರು 420. ಅದೇ ಐದು ಅಂಶಗಳು ತಮ್ಮತಮ್ಮಲ್ಲಿ ಯಾವ ಸಂಬಂಧವೂ ಇಲ್ಲದವಾಗಿದ್ದರೆ ಇದೇ ಸೂತ್ರ 55ರ ಆಸುಪಾಸು ಕೊಡುತ್ತದೆ. ಅಂಶಗಳು ಐದೇ, 0.3 ಕೂಡ ಅದೇ, ಉತ್ತರ ಮಾತ್ರ ಒಮ್ಮೆ 55, ಒಮ್ಮೆ 420. 109 ಎಂಬ ಸಂಖ್ಯೆ ಎರಡಕ್ಕೂ ಹೊಂದುವುದಿಲ್ಲ. ಸಂಬಂಧ ಮಧ್ಯಮ ಗಾತ್ರದ್ದು ಎಂಬ ಊಹೆ ಗ್ರೀನ್ ಸೂತ್ರಗಳ ಒಳಗೇ ಇದೆ. ಊಹೆ ಮರೆತುಹೋಗಿ ಸಂಖ್ಯೆ ಮಾತ್ರ ಕೈಯಿಂದ ಕೈಗೆ ದಾಟಿದೆ.

ಇದರ ಪರಿಣಾಮ ನಿಮ್ಮ ಕಣ್ಣಿಗೇ ಕಾಣುತ್ತದೆ. ಮೇಲಿನ ಲೆಕ್ಕದಂತೆ 120 ಜನರಿದ್ದಾಗ ಇಡೀ ಮಾಡೆಲ್ ಬಹುಪಾಲು ಸಿಗ್ನಿಫಿಕೆಂಟ್ ಎಂದೇ ಬರುತ್ತದೆ, ಆದರೆ ಒಂದೊಂದು ಅಂಶ ಸಿಗ್ನಿಫಿಕೆಂಟ್ ಆಗುವ ಸಾಧ್ಯತೆ 30% ಮಾತ್ರ. ಐದರಲ್ಲಿ ಸರಾಸರಿ ಒಂದೋ ಎರಡೋ ಗೆಲ್ಲುತ್ತವೆ, ಯಾವುದು ಗೆಲ್ಲುತ್ತದೆ ಎಂಬುದು ಅದೃಷ್ಟಕ್ಕೆ ಬಿಟ್ಟದ್ದು. ನಿಮಗೆ ಓದು ಗೆದ್ದರೆ, ಅದೇ ಊರುಗಳಲ್ಲಿ ಇನ್ನೊಬ್ಬರು ಮಾಡಿದ ಸಮೀಕ್ಷೆಯಲ್ಲಿ ಸಾಲ ಗೆದ್ದೀತು. ಇಬ್ಬರೂ ಪ್ರಬಂಧದ ಕೊನೆಗೆ ಒಂದಕ್ಕೊಂದು ಒಪ್ಪದ ಶಿಫಾರಸು ಬರೆಯುತ್ತಾರೆ, ನಿಜದಲ್ಲಿ ಐದೂ ಅಂಶಗಳ ತೂಕ ಒಂದೇ ಆಗಿದ್ದರೂ.

ಇನ್ನು ಫ್ಯಾಕ್ಟರ್ ಅನಾಲಿಸಿಸ್. ಹೇಳಿಕೆಗೆ 5 ಜನ ಎಂಬ ನಿಯಮಕ್ಕೆ ನಿಮ್ಮ 24 × 5 = 120 ಸರಿಯಾಗಿ ಕೂರುತ್ತದೆ. 300 ಎಂಬ ಮಾತು ಕೋಮ್ರಿ ಮತ್ತು ಲೀ ಅವರ ಪಟ್ಟಿಯಿಂದ ಬಂದಿರಬೇಕು. ಅದರಲ್ಲಿ 100 ಕಳಪೆ, 200 ಪರವಾಗಿಲ್ಲ, 300 ಒಳ್ಳೆಯದು. 1999ರಲ್ಲಿ ಮ್ಯಾಕಲಮ್ ಮತ್ತು ಸಂಗಡಿಗರು ಪರೀಕ್ಷಿಸಿ ನೋಡಿದಾಗ ಇಂಥ ಸ್ಥಿರ ಸಂಖ್ಯೆಗಳಿಗೆ ಆಧಾರ ಸಿಗಲಿಲ್ಲ. ನಿರ್ಣಾಯಕವಾದವು ಎರಡು. ಒಂದು, ಕಮ್ಯೂನಾಲಿಟಿ, ಅಂದರೆ ಒಂದು ಹೇಳಿಕೆಗೆ ಬಂದ ಉತ್ತರಗಳ ವ್ಯತ್ಯಾಸದಲ್ಲಿ ಫ್ಯಾಕ್ಟರ್‌ಗಳು ವಿವರಿಸುವ ಪಾಲು. ಇನ್ನೊಂದು, ಒಂದು ಫ್ಯಾಕ್ಟರ್‌ಗೆ ಎಷ್ಟು ಹೇಳಿಕೆಗಳ ಆಸರೆ ಇದೆ ಎಂಬುದು. ಎಲ್ಲ ಕಮ್ಯೂನಾಲಿಟಿಗಳೂ 0.6ಕ್ಕಿಂತ ಹೆಚ್ಚಿದ್ದು ಫ್ಯಾಕ್ಟರ್‌ಗಳಿಗೆ ಒಳ್ಳೆಯ ಆಸರೆ ಇದ್ದರೆ 100ಕ್ಕಿಂತ ಕಡಿಮೆ ಜನರೂ ಸಾಕಾಗಬಹುದು. ಕಮ್ಯೂನಾಲಿಟಿ ಕಡಿಮೆಯಿದ್ದು, ಫ್ಯಾಕ್ಟರ್‌ಗೆ ಮೂರು ನಾಲ್ಕೇ ಹೇಳಿಕೆಗಳಿದ್ದರೆ 300 ಕೂಡ ಸಾಲದೆ ಹೋಗಬಹುದು.

ಹೇಳಿಕೆಗೆ 5 ಜನ ಎಂಬ ನಿಯಮ ಇಲ್ಲಿ ತಿರುಗಿ ಬೀಳುತ್ತದೆ. ಅದರ ಪ್ರಕಾರ ಹೇಳಿಕೆ ಹೆಚ್ಚಿದಷ್ಟೂ ಜನ ಹೆಚ್ಚಬೇಕು. ನಿಜದಲ್ಲಿ ಅದೇ ಫ್ಯಾಕ್ಟರ್‌ಗೆ ಒಳ್ಳೆಯ ಹೇಳಿಕೆ ಸೇರಿದಷ್ಟೂ ಫ್ಯಾಕ್ಟರ್ ಗಟ್ಟಿಯಾಗಿ, ಕಡಿಮೆ ಜನ ಸಾಕಾಗುತ್ತಾರೆ. ಆದ್ದರಿಂದ ಮೊದಲು ನಿಮ್ಮ ಔಟ್‌ಪುಟ್‌ನ ಕಮ್ಯೂನಾಲಿಟಿ ಕಾಲಂ ನೋಡಿ. ಪ್ರಿನ್ಸಿಪಲ್ ಕಾಂಪೊನೆಂಟ್ಸ್ ಬಳಸಿದರೆ ಈ ಸಂಖ್ಯೆಗಳು ಉಬ್ಬಿ ಕಾಣುತ್ತವೆ, ಪ್ರಿನ್ಸಿಪಲ್ ಆಕ್ಸಿಸ್ ವಿಧಾನದಿಂದ ತೆಗೆಯಿರಿ. ಎಲ್ಲಾದರೂ 1ಕ್ಕಿಂತ ಹೆಚ್ಚು ಬಂದರೆ ಮಾದರಿ ಚಿಕ್ಕದು ಅಥವಾ ಫ್ಯಾಕ್ಟರ್‌ಗಳ ಸಂಖ್ಯೆ ತಪ್ಪಿದೆ ಎಂಬ ಸೂಚನೆ. ಬಳಿಕ ನಿಮ್ಮ 120 ಜನರಿಂದಲೇ ಮರುಮಾದರಿ ತೆಗೆದು, ಅಂದರೆ ಬೂಟ್‌ಸ್ಟ್ರ್ಯಾಪ್ ಮಾಡಿ, ಹೇಳಿಕೆಗಳು ಪ್ರತಿ ಸಲ ಅದೇ ಫ್ಯಾಕ್ಟರ್‌ಗೆ ಹೋಗುತ್ತವೆಯೇ ಎಂದು ನೋಡಿ. ಹೇಳಿಕೆಗಳು ಫ್ಯಾಕ್ಟರ್‌ನಿಂದ ಫ್ಯಾಕ್ಟರ್‌ಗೆ ಹಾರುತ್ತಿದ್ದರೆ ಆ ಫ್ಯಾಕ್ಟರ್‌ಗಳಿಗೆ ಹೆಸರಿಡಬೇಡಿ.

ಯಾವ ನಿಯಮವೂ ಹೇಳದ ಇನ್ನೊಂದು ಸಂಗತಿ ಇದೆ. ನಿಮ್ಮ 120 ಜನ 6 ಊರಿನವರು. ಒಂದೇ ನಾಲೆಯ ನೀರು, ಒಂದೇ ಸೊಸೈಟಿ, ಒಂದೇ ಅಧಿಕಾರಿ ಇರುವ ಊರಿನ 20 ಜನರ ಉತ್ತರಗಳು ಒಂದನ್ನೊಂದು ಹೋಲುತ್ತವೆ. ಆ ಹೋಲಿಕೆಯ ಪ್ರಮಾಣ 0.05 ಎಂದಿಟ್ಟುಕೊಂಡರೂ, 1 + 19 × 0.05 = 1.95. ಸರಾಸರಿ ಅಂಕವೊಂದನ್ನು ಅಂದಾಜು ಮಾಡುವಾಗ ನಿಮ್ಮ 120 ಜನರ ಬೆಲೆ ಸುಮಾರು 62ಕ್ಕೆ ಇಳಿಯುತ್ತದೆ. ನೀರಿನ ಅಭಾವದಂತೆ ಊರಿಂದ ಊರಿಗೆ ಬದಲಾಗುವ ಅಂಶಗಳಿಗೂ ಇಂಥದೇ ಹೊಡೆತ ಬೀಳುತ್ತದೆ.

ಹಾಗಾದರೆ ಈಗ ಏನು ಮಾಡಬೇಕು? ಸಂಗ್ರಹಿಸಿದ್ದನ್ನು ಎಸೆಯಬೇಡಿ. ಮತ್ತೆ ಹೋಗಲು ಸಮಯವಿದ್ದರೆ ಹಳೆಯ ಊರುಗಳಲ್ಲೇ ಜನ ಹೆಚ್ಚಿಸದೆ ಹೊಸ ಊರು ಸೇರಿಸಿ, ಎಷ್ಟು ಜನ ಎಂಬುದನ್ನು ಹೊರಡುವ ಮುಂಚೆಯೇ ಬರೆದಿಡಿ. ಸಿಗ್ನಿಫಿಕೆಂಟ್ ಬರುವವರೆಗೆ ಸೇರಿಸುತ್ತ ಹೋದರೆ ಆ p ಬೆಲೆಗೆ ಅರ್ಥವಿರುವುದಿಲ್ಲ. ಹೋಗಲು ಆಗದಿದ್ದರೆ ಪ್ರಶ್ನೆಯನ್ನು ಕಿರಿದುಗೊಳಿಸಿ: ಐದೂ ಸೇರಿ ಎಷ್ಟು ವಿವರಿಸುತ್ತವೆ ಎಂಬುದಕ್ಕೆ 120 ಜನ ಉತ್ತರ ಕೊಟ್ಟಾರು, ಯಾವುದು ಎಲ್ಲಕ್ಕಿಂತ ಮುಖ್ಯ ಎಂಬುದಕ್ಕೆ ಕೊಡಲಾರರು. ಪ್ರತಿ ಅಂಶದ ಎದುರು ನಕ್ಷತ್ರ ಹಾಕುವ ಬದಲು ವಿಶ್ವಾಸಾಂತರ ಕೊಡಿ. ನಮ್ಮ ಉದಾಹರಣೆಯಲ್ಲಿ 0.14 ಎಂಬ ಗುಣಾಂಕದ ವಿಶ್ವಾಸಾಂತರ −0.05ರಿಂದ 0.32ರವರೆಗೆ ಹರಡುತ್ತದೆ. ಅಷ್ಟು ಅಗಲ ನೋಡಿದ ಯಾರೂ ದೊಡ್ಡ ಮಾತಾಡುವುದಿಲ್ಲ.

ಮೌಖಿಕ ಪರೀಕ್ಷೆಯಲ್ಲಿ 120 ಏಕೆ ಎಂದು ಕೇಳಿದರೆ ನಿಯಮದ ಹೆಸರು ಹೇಳಬೇಡಿ. ನಿಮ್ಮ ಸಹಸಂಬಂಧಗಳು, ಕಮ್ಯೂನಾಲಿಟಿಗಳು, ಊರುಗಳ ಲೆಕ್ಕ ಇವುಗಳನ್ನು ಮುಂದಿಟ್ಟು, ಈ ಮಾದರಿ ಯಾವ ಪ್ರಶ್ನೆಗೆ ಸಾಕು, ಯಾವುದಕ್ಕೆ ಸಾಲದು ಎಂದು ನೀವೇ ಹೇಳಿ.